ನೆಟ್ಟಗೆ ನಿಂತ ಪೆನ್ಸಿಲು

ಗುರುವಿಗೇ ತಿರುಮಂತ್ರ ಹೇಳಬಾರದು ಎಂದು ನಮ್ಮ ಕಡೆ ಮಕ್ಕಳಿಗೆ ಅಂಬೆಗಾಲಿಡುವಾಗಲೇ ಕಲಿಸಿಬಿಡುತ್ತಾರೆ. ಗುರುವೇ ತಪ್ಪಿದಾಗ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಅಮೋಗಸಿದ್ಧನಿಗೂ ಕಲಿಸಿರಲಿಲ್ಲ. ಹಾಗಾಗಿ ಅವನು ಕೇಂಬ್ರಿಜ್ಜಿಗೆ ಹೋಗಲಿಲ್ಲ.

ಭಂಡಾರಕವಠೆಯ ಕುರಿಗಾರ ಗೊಲ್ಲಾಳಪ್ಪನ ಮಗ ಅವನು. ಕುರುಬರ ದೇವರು ಬೀರೋಬನ ಒಕ್ಕಲು. ಹುಡುಗನಿಗೆ ಲೆಕ್ಕದ ತಲೆ ಇದೆ ಎಂದು ಮೊದಲು ಕಂಡುಹಿಡಿದವರು ಅಕ್ಕಲಕೋಟೆಯಲ್ಲಿ ಗಣಿತ ಕಲಿಸುತ್ತಿದ್ದ ಬಸಯ್ಯ ಮಾಸ್ತರರು. ಜಂಗಮರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಬೀಜಗಣಿತ. ಅವರೇ ಗೊಲ್ಲಾಳಪ್ಪನ ಎದುರು ನಿಂತು, "ಇವನ್ನ ಕುರಿ ಹಿಂದ ಬಿಟ್ರ ನಿನಗ ಪಾಪ ಹತ್ತತದ ನೋಡು" ಎಂದು ಹೆದರಿಸಿ ಹುಡುಗನನ್ನು ತಮ್ಮ ಮನೆಗೆ ಕರೆತಂದರು. ಊಟ ಹಾಕಿದರು, ಸಾಲಿ ಕಲಿಸಿದರು, ಪುಣೆಗೆ ಕಳಿಸಿ ಬಿ.ಎ. ಮಾಡಿಸಿದರು. ಆ ಋಣ ಸಣ್ಣದಲ್ಲ. ಅದನ್ನು ಅಮೋಗಸಿದ್ಧ ಒಂದು ದಿನವೂ ಮರೆತವನಲ್ಲ, ಮರೆಯಲು ಜನ ಬಿಡುತ್ತಲೂ ಇರಲಿಲ್ಲ.

ಊಟ ಹಾಕಿದರು ಎಂದೆನಲ್ಲ, ಅದು ಹೊರಗಿನ ಪಡಸಾಲೆಯಲ್ಲಿ. ಮಾಸ್ತರರ ಹೆಂಡತಿ ಗುರಮ್ಮ ತಾಯಿಯ ಹಾಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿಸುವವಳು. ಆದರೆ ಮೇಲಿಂದ ಹಾಕುವಳು, ಕೈ ತಾಟಿಗೆ ತಾಕದ ಹಾಗೆ. ಉಂಡ ತಾಟನ್ನು ಹುಡುಗ ತಾನೇ ತೊಳೆದು ಪಡಸಾಲೆಯ ಮೂಲೆಯಲ್ಲಿ ಬೋರಲು ಹಾಕಬೇಕು. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಇಂಥವನ್ನು ಹೇಳಿಕೊಡುವ ಅಗತ್ಯ ಬೀಳುವುದಿಲ್ಲ.

ಬಿ.ಎ. ಮುಗಿಸಿ ಬಂದು ಸೊಲ್ಲಾಪುರದಲ್ಲಿ ಹಂಗಾಮಿ ಮಾಸ್ತರಿಕೆ ಹಿಡಿದ ಮೇಲೂ ಅವನು ರವಿವಾರಕ್ಕೊಮ್ಮೆ ಅಕ್ಕಲಕೋಟೆಗೆ ಹೋಗುತ್ತಿದ್ದ. ಬಸಯ್ಯನವರು ಮುಂಬಯಿಯಿಂದ ಒಂದು ಜರ್ಮನ್ ಗಣಿತ ಪುಸ್ತಕ ತರಿಸಿದ್ದರು. ಅವರಿಗೆ ಜರ್ಮನ್ ಬಾರದು, ಡಿಕ್ಷನರಿ ಇತ್ತು. ಒಂದು ಪುಟಕ್ಕೆ ಒಂದು ರವಿವಾರ ಹೋದರೂ ಸರಿ, ಗುರುಶಿಷ್ಯರಿಬ್ಬರೂ ಪಟ್ಟು ಬಿಡಲಿಲ್ಲ. ಗುಂಪು ಎಂದರೇನು, ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ನಕ್ಷೆ ಎಂದರೇನು, ಆ ನಕ್ಷೆ ಯಾವಾಗ ಹೋಮೋಮಾರ್ಫಿಸಮ್ ಆಗುತ್ತದೆ, ಅಂದರೆ ಈಚೆ ಕೂಡಿಸಿ ಒಯ್ದರೂ ಒಯ್ದು ಆಚೆ ಕೂಡಿಸಿದರೂ ಒಂದೇ ಆಗುತ್ತದೆ — ಎಲ್ಲವನ್ನೂ ಹಲ್ಲು ಕಚ್ಚಿ ಕಲಿತರು. ಜರ್ಮನ್ನರು ಕೆರ್ನ್ ಎನ್ನುವುದಕ್ಕೆ ಮಾಸ್ತರರು ತಿರುಳು ಎಂದು ಹೆಸರಿಟ್ಟರು. ನಕ್ಷೆಯ ಆಚೆ ಬದಿ 'ಏನೂ ಬದಲಾಗಲಿಲ್ಲ' ಎಂದು ತೋರುವಂತೆ ಮಾಡುವ ಈಚೆ ಬದಿಯವೆಲ್ಲ ತಿರುಳು. ಆಚೆ ಬದಿ ನಕ್ಷೆ ಹೋಗಿ ಮುಟ್ಟುವವೆಲ್ಲ ಬಿಂಬ.

ತಿಳಿಯುವುದಕ್ಕೆಂದು ಬಸಯ್ಯನವರು ಜೋಳದ ದಂಟಿನ ಬೆಂಡನ್ನು ಕೊಯ್ದು ಪುಟ್ಟ ಘನವೊಂದನ್ನು ಮಾಡಿದ್ದರು. ಎದುರುಬದುರು ಮುಖಗಳ ನಡುವೆ ಮೂರು ಸಿಬಿರುಕಡ್ಡಿ ತೂರಿಸಿ, ಒಂದಕ್ಕೆ ಕುಂಕುಮ, ಒಂದಕ್ಕೆ ಅರಿಶಿನ, ಒಂದಕ್ಕೆ ವಿಭೂತಿ ಬಳಿದಿದ್ದರು. "ನೋಡಪಾ, ದೇವರ ಸಾಮಾನೆಲ್ಲಾ ಗಣಿತಕ್ಕ ಬಂದ್ವು" ಎಂದು ನಗುವರು. ಘನವನ್ನು ಅದರ ಜಾಗದಲ್ಲೇ ಕೂರುವಂತೆ ಇಪ್ಪತ್ನಾಲ್ಕು ಬಗೆಯಲ್ಲಿ ತಿರುಗಿಸಬಹುದು. ಆರು ಮುಖಗಳಲ್ಲಿ ಯಾವುದನ್ನಾದರೂ ಮೇಲೆ ತರಬಹುದು, ತಂದ ಮೇಲೆ ನಾಲ್ಕು ಬಗೆಯಲ್ಲಿ ಕೂರಿಸಬಹುದು. ಒಂದೊಂದು ತಿರುವಿಗೂ ಈ ಕಡ್ಡಿಗಳ ಮೂರು ಗೆರೆಗಳು ತಂತಮ್ಮಲ್ಲಿ ಜಾಗ ಬದಲಿಸುತ್ತವೆ. ತಿರುವಿನಿಂದ ಈ ಜಾಗ ಬದಲಿಗೆ ಹೋಗುವುದೇ ನಕ್ಷೆ.

ಈ ಘನ ತಿರುಗಿಸುವುದರಲ್ಲಿ ಬಸಯ್ಯನವರಿಗೆ ಒಂದು ರೂಢಿ ಬಿದ್ದಿತ್ತು. ಮೊದಲು ಕುಂಕುಮದ ಕಡ್ಡಿ ಹಿಡಿದು ತಿರುಗಿಸುವರು. ಆಮೇಲೆ ಅರಿಶಿನದ ಕಡ್ಡಿ ಎಲ್ಲಿಗೆ ಹೋಗಿದೆಯೋ ಅಲ್ಲೇ ಹಿಡಿದು ತಿರುಗಿಸುವರು. ಅಂದರೆ ಕಡ್ಡಿಯನ್ನು ನಂಬುವರು, ಕೋಣೆಯನ್ನಲ್ಲ. ಹೀಗೆ ತಿರುಗಿಸಿದರೆ ಲೆಕ್ಕದ ಕ್ರಮ ತಿರುಗುಮುರುಗಾಗುತ್ತದೆ. ಎರಡನೆಯ ತಿರುವನ್ನು ಮೊದಲು ಬರೆಯಬೇಕಾಗುತ್ತದೆ. ಅದು ಅವರಿಗೆ ಗೊತ್ತಿತ್ತು, ಹಾಗೇ ಬರೆಯುತ್ತಿದ್ದರು, ಅವರ ಮಟ್ಟಿಗೆ ಸರಿಯಾಗಿಯೇ ಇತ್ತು. ಅಮೋಗಸಿದ್ಧ ಪುಣೆಯಲ್ಲಿ ಬೇರೆ ಥರ ಕಲಿತಿದ್ದ: ಗೆರೆಗಳು ಕೋಣೆಯವು, ಘನ ಎಷ್ಟು ಉರುಳಿದರೂ ಮೇಲು-ಕೆಳಗು ಮೇಲು-ಕೆಳಗೇ, ಪೂರ್ವ-ಪಶ್ಚಿಮ ಪೂರ್ವ-ಪಶ್ಚಿಮವೇ. ಒಮ್ಮೆ ಇದನ್ನು ಮಾಸ್ತರರಿಗೆ ಹೇಳಬೇಕೆಂದುಕೊಂಡ. ಅವರು ಅಷ್ಟು ಖುಷಿಯಿಂದ ಘನ ತಿರುಗಿಸುತ್ತಿದ್ದರು, ಬಿಡು ಎಂದು ಸುಮ್ಮನಾದ. ಅಲ್ಲಿಂದಲೇ ಎಡವಟ್ಟು ಶುರುವಾಯಿತು ಎನ್ನಬೇಕು.

ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಸೊಲ್ಲಾಪುರದ ಹತ್ತಿ ವ್ಯಾಪಾರಿ ಸಾತಲಿಂಗಪ್ಪನವರು ತೀರಿಹೋದ ಮಗನ ನೆನಪಿಗೆ ಒಂದು ನಿಧಿ ಇಟ್ಟರು. ಗಣಿತದಲ್ಲಿ ಬುದ್ಧಿವಂತನಾದ ಒಬ್ಬನನ್ನು ಕೇಂಬ್ರಿಜ್ಜಿಗೆ ಕಳಿಸುವುದು. ಒಬ್ಬನೇ, ಒಮ್ಮೆಯೇ. ವಯಸ್ಸು ಇಪ್ಪತ್ತೈದು ದಾಟಿರಬಾರದು. ಅಮೋಗಸಿದ್ಧನಿಗೆ ಇಪ್ಪತ್ತೈದು ತುಂಬಲು ಒಂದು ಶ್ರಾವಣ ಬಾಕಿ ಇತ್ತು. ಕೊನೆಗೆ ಉಳಿದವರು ಇಬ್ಬರು: ಇವನು, ಮತ್ತು ಅಕ್ಕಲಕೋಟೆ ಸೀಮೆಯ ಹೊಲಮನೆಯುಳ್ಳ ಕುಳ ಕಲ್ಯಾಣಪ್ಪನವರ ಮಗ ಭೀಮಣ್ಣ. ಭೀಮಣ್ಣ ಕೆಟ್ಟವನಲ್ಲ, ದಡ್ಡನೂ ಅಲ್ಲ. ಆದರೆ ಅವನೇ ಎಲ್ಲರ ಮುಂದೆ, "ಅಮೋಗ್ಯಾ ಇರೂ ತನಾ ನಂದೇನು ನಡಿಯಂಗಿಲ್ಲ ಬಿಡ್ರಿ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಬಾಯಿಪರೀಕ್ಷೆ ವಿಜಾಪುರ ರಸ್ತೆಯಲ್ಲಿದ್ದ ಸಾತಲಿಂಗಪ್ಪನವರ ಬಂಗಲೆಯಲ್ಲಿ. ಪರೀಕ್ಷಕರು ಪುಣೆಯ ಪ್ರೊಫೆಸರರು. ಅವರ ಪಕ್ಕದಲ್ಲಿ ಸ್ಥಳೀಯ ಪಂಡಿತರೆಂದು ಬಸಯ್ಯ ಮಾಸ್ತರರಿಗೂ ಒಂದು ಕುರ್ಚಿ. ಬಾಗಿಲ ಹೊರಗೆ ಹೆಗಲ ಮೇಲೆ ಕಂಬಳಿ ಹೊದ್ದು ಗೊಲ್ಲಾಳಪ್ಪ ಕುಕ್ಕುರುಗಾಲಲ್ಲಿ ಕೂತಿದ್ದ. ಬಂಗಲೆಗೆ ಬರುವ ಮೊದಲು ಅವನು ಮಗನ ಹಣೆಗೆ ಬೀರೋಬನ ಭಂಡಾರದ ಅರಿಶಿನ ಹಚ್ಚಿ, "ಅಯ್ಯಾರು ಒಳಗ ಅದಾರ. ಹರ ಮುನಿದ್ರ ಗುರು ಕಾಯ್ತಾನ, ಅಂಜಬ್ಯಾಡ" ಎಂದಿದ್ದ.

ಬಸಯ್ಯನವರು ಮಾತ್ರ ಆ ದಿನ ಬೇರೆಯೇ ಚಿಂತೆಯಲ್ಲಿದ್ದರು. ತಮ್ಮ ಮನೆಯಲ್ಲಿ ಬೆಳೆದ ಹುಡುಗನನ್ನು ತಾವೇ ಮುಂದೆ ತಳ್ಳಿದರು ಎಂದು ಯಾರಾದರೂ ಅಂದರೆ? ಅದಕ್ಕೇ ಮೊದಲಿನಿಂದಲೂ ಮುಖ ಗಂಟು ಹಾಕಿಕೊಂಡು, ಹುಡುಗನನ್ನು ಕಂಡೇ ಇಲ್ಲ ಎಂಬಂತೆ ಕೂತಿದ್ದರು. ಪ್ರಾಮಾಣಿಕರ ಪ್ರಾಮಾಣಿಕತೆಗೆ ಬೇಕಾಗುವ ಬಲಿ ಯಾವಾಗಲೂ ತಮ್ಮವರೇ.

ಪ್ರೊಫೆಸರರು ಮರಾಠಿಯಲ್ಲಿ ಪ್ರಶ್ನೆ ಹಾಕಿದರು. ಅದನ್ನು ಕೇಳಿ ಅಮೋಗಸಿದ್ಧನ ಎದೆ ಹಕ್ಕಿಯಾಯಿತು. ಅದೇ ಘನ! ಕೋಣೆಯ ಮೂರು ಗೆರೆ ಹಿಡಿದು ಘನವನ್ನು ತಿರುಗಿಸುವ ಇಪ್ಪತ್ನಾಲ್ಕು ತಿರುವುಗಳ ಗುಂಪು, ಅಲ್ಲಿಂದ ಮೂರು ಗೆರೆಗಳ ಜಾಗ ಬದಲಿಗಳ ಗುಂಪಿಗೆ ನಕ್ಷೆ. ಹೋಮೋಮಾರ್ಫಿಸಮ್ ಎಂದು ಸಾಧಿಸು. ಆಮೇಲೆ ತಿರುಳು, ಆಮೇಲೆ ಬಿಂಬ, ಆಮೇಲೆ ತಿರುಳಿನಿಂದ ಭಾಗಿಸಿದ ಗುಂಪಿಗೂ ಬಿಂಬಕ್ಕೂ ಇರುವ ಒಂದಕ್ಕೊಂದು ಹೊಂದಿಕೆ.

ಸೀಮೆಸುಣ್ಣ ಹಿಡಿದು ಬರೆಯತೊಡಗಿದ. ಮೊದಲು ತಿರುವು ಕ, ಆಮೇಲೆ ತಿರುವು ಖ. ಒಂದು ಜಾಗದಲ್ಲಿದ್ದ ಗೆರೆಯನ್ನು ಕ ಎರಡನೆಯ ಜಾಗಕ್ಕೆ ಒಯ್ಯುತ್ತದೆ, ಅಲ್ಲಿದ್ದದ್ದನ್ನು ಖ ಮೂರನೆಯ ಜಾಗಕ್ಕೆ ಒಯ್ಯುತ್ತದೆ. ಎರಡೂ ತಿರುವು ಮುಗಿದ ಮೇಲೆ ಆ ಗೆರೆ ಇರುವುದೂ ಅದೇ ಮೂರನೆಯ ಜಾಗದಲ್ಲೇ. ಆದ್ದರಿಂದ ಎರಡು ತಿರುವು ಸೇರಿದ್ದರ ನಕ್ಷೆಯೂ, ಮೊದಲು ಕ ದ ನಕ್ಷೆ ಆಮೇಲೆ ಖ ದ ನಕ್ಷೆ ಮಾಡಿದ್ದೂ ಒಂದೇ. ಇದಿಷ್ಟೇ ಸಾಧನೆ. ಪ್ರೊಫೆಸರರು ಸರಿ ಎಂಬಂತೆ ತಲೆ ಆಡಿಸಿದರು.

"ತಡಿ, ತಡಿ" ಎಂದರು ಬಸಯ್ಯನವರು.

ಎಲ್ಲರೂ ಅವರತ್ತ ತಿರುಗಿದರು.

"ಕ್ರಮ ತಪ್ಪೇದ. ಖ ದ ನಕ್ಷೆ ಮೊದಲು ಬರಬೇಕು, ಕ ದ್ದು ಆಮ್ಯಾಲ. ಎಷ್ಟ ಸರ್ತಿ ಹೇಳೀನಿ ನಿನಗ? ಅಳಸು ಅದನ್ನ."

ಅಮೋಗಸಿದ್ಧ ಬೋರ್ಡಿನ ಎದುರು ನಿಂತೇ ಎಲ್ಲವನ್ನೂ ಅರ್ಥ ಮಾಡಿಕೊಂಡ. ಮಾಸ್ತರರ ಕಣ್ಣ ಮುಂದೆ ಇರುವುದು ಈ ಕೋಣೆಯಲ್ಲ, ಬೆಂಡಿನ ಘನ. ಅವರ ಬೆರಳು ಈಗಲೂ ಅರಿಶಿನದ ಕಡ್ಡಿ ಹಿಡಿದಿದೆ. ಒಂದು ಮಾತು ಸಾಕಿತ್ತು: ಸರ್, ಪ್ರಶ್ನೆಯೊಳಗಿನ ಗೆರೆ ಕೋಣೆಯವು, ಕಡ್ಡಿಯವಲ್ಲ. ಅಷ್ಟು ಹೇಳಿದ್ದರೆ ಪ್ರೊಫೆಸರರು ಹೌದು ಎನ್ನುತ್ತಿದ್ದರು, ಮುಂದಿನದು ನೀರು ಕುಡಿದಷ್ಟು ಸಲೀಸು. ಆದರೆ ಹಳ್ಳಿ ಮಾಸ್ತರ ಎಂದು ಪುಣೆಯವರು ಮೊದಲೇ ಮೂಗು ಮುರಿದಿದ್ದ ಬಸಯ್ಯನವರು, ಸಾತಲಿಂಗಪ್ಪನವರ ಬಂಗಲೆಯಲ್ಲಿ, ತಾವು ಅನ್ನ ಹಾಕಿದ ಕುರಿಗಾರನ ಮಗನಿಂದ ತಿದ್ದಿಸಿಕೊಳ್ಳಬೇಕಾಗುತ್ತಿತ್ತು. ಹೊರಗೆ ಅಪ್ಪ ಕೂತಿದ್ದ.

"ಹೌದ್ರಿ ಸರ್" ಎಂದ ಅಮೋಗಸಿದ್ಧ. ಅಂಗಿಯ ತೋಳಿನಿಂದ ಅಳಿಸಿದ. ತಪ್ಪನ್ನು ಚೊಕ್ಕ ಅಕ್ಷರದಲ್ಲಿ ಬರೆದ.

ಪ್ರೊಫೆಸರರ ಹುಬ್ಬು ಗಂಟಾಯಿತು. ಮೇಜಿನ ಮೇಲಿದ್ದ ಪೆನ್ಸಿಲನ್ನು ಪೂರ್ವ-ಪಶ್ಚಿಮವಾಗಿ ಹಿಡಿದರು. "ಕ ಅಂದರೆ ಮೇಲು-ಕೆಳಗಿನ ಗೆರೆ ಹಿಡಿದು ಕಾಲು ತಿರುವು. ಖ ಅಂದರೆ ಪೂರ್ವ-ಪಶ್ಚಿಮದ ಗೆರೆ ಹಿಡಿದು ಕಾಲು ತಿರುವು. ನೋಡು." ಮೊದಲ ತಿರುವಿಗೆ ಪೆನ್ಸಿಲು ದಕ್ಷಿಣೋತ್ತರವಾಗಿ ಮಲಗಿತು. ಎರಡನೆಯ ತಿರುವಿಗೆ ನೆಟ್ಟಗೆ ನಿಂತಿತು. "ನಿನ್ನ ಬೋರ್ಡು ಏನು ಹೇಳುತ್ತದೆ?"

ಬೋರ್ಡಿನ ಪ್ರಕಾರ ಮೊದಲು ಖ: ಪೂರ್ವ-ಪಶ್ಚಿಮದ ಗೆರೆ ಇದ್ದಲ್ಲೇ. ಆಮೇಲೆ ಕ: ದಕ್ಷಿಣೋತ್ತರ. ಬೋರ್ಡಿನ ಮೇಲೆ ಪೆನ್ಸಿಲು ಮಲಗಿತ್ತು, ಪ್ರೊಫೆಸರರ ಕೈಯಲ್ಲಿ ನಿಂತಿತ್ತು.

"ಮಲಗೇದ್ರಿ" ಎಂದ ಅಮೋಗಸಿದ್ಧ.

"ಹಾಗಾದರೆ ನೀನು ಬರೆದ ನಿಯಮ ಸುಳ್ಳು. ಸರಿಯಿದ್ದದ್ದನ್ನು ಯಾರೋ ಅಂದರೆಂದು ಅಳಿಸಿದೆಯಲ್ಲ, ನಿನಗೆ ನಿನ್ನ ಸಾಧನೆ ತಿಳಿದೇ ಇರಲಿಲ್ಲ. ಗಿಳಿಪಾಠ." ಅವರು ಪೆನ್ಸಿಲು ಕೆಳಗಿಟ್ಟರು. "ಹೋಮೋಮಾರ್ಫಿಸಮ್ಮೇ ನಿಲ್ಲದ ಮೇಲೆ ತಿರುಳು ಕೇಳಿ ಏನು ಮಾಡಲಿ? ಮುಂದಿನವರನ್ನು ಕರೆಯಿರಿ."

ಬಸಯ್ಯನವರು ಬಾಯಿ ತೆರೆದರು, ಮುಚ್ಚಿದರು. ಪ್ರೊಫೆಸರರೇ ತಪ್ಪಿದ್ದಾರೆ ಎನಿಸಿದರೂ ಅವರಿಗೂ ಎದುರು ಮಾತು ಹೊರಡಲಿಲ್ಲ. ಭೀಮಣ್ಣ ಒಳಗೆ ಹೋಗಿ ಸಮ-ವಿಷಮ ಜಾಗ ಬದಲಿಗಳ ಸುಲಭದ ನಕ್ಷೆಯೊಂದನ್ನು ಬಿಡಿಸಿ ಬಂದ. ಆ ವರ್ಷವೇ ಹಡಗು ಹತ್ತಿದ.

ಅಪ್ಪ ಮಗ ಬಂಗಲೆಯಿಂದ ಹೊರಟಾಗ ಗೊಲ್ಲಾಳಪ್ಪ ಒಂದೇ ಮಾತು ಕೇಳಿದ. "ಅಯ್ಯಾರು ಒಳಗ ಇದ್ದೂ ಹಿಂಗಾತೇನು?" ಮಗ ದಾರಿಯುದ್ದಕ್ಕೂ ಯಾರೂ ಕೇಳದ ತಿರುಳನ್ನು ಮನಸ್ಸಿನಲ್ಲೇ ಬಿಡಿಸುತ್ತಿದ್ದ, ಹುಚ್ಚನ ಹಾಗೆ.

ಮುಂದಿನ ಮೂರು ವರ್ಷ ಬಸಯ್ಯನವರು ಕಂಡಕಂಡವರ ಮುಂದೆ ಒಂದೇ ರಾಗ ಹಾಡಿದರು: "ಹುಡುಗ ಚಲೋ ಇದ್ದ. ಆದ್ರ ದೊಡ್ಡವರ ಮುಂದ ಗಾಬರಿ ಬಿದ್ದ. ಕುರಿ ಕಾಯೋರ ರಕ್ತ, ಏನ ಮಾಡ್ತೀರಿ?" ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಿದ್ದರು, ನೋವಿನಿಂದಲೂ. ಆ ಮಾತು ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬರಲು ಎಷ್ಟು ಹೊತ್ತು? ಅಮೋಗಸಿದ್ಧ ಕೇಳಿಸಿಕೊಂಡ, ನುಂಗಿದ. ರವಿವಾರ ಅಕ್ಕಲಕೋಟೆಗೆ ಹೋಗುವುದನ್ನು ಬಿಟ್ಟ. ಹಂಗಾಮಿ ಕೆಲಸ ಕಾಯಂ ಆಯಿತು, ಮದುವೆಯಾಯಿತು, ಹುಡುಗರಿಗೆ ಸರಳಬಡ್ಡಿ ಚಕ್ರಬಡ್ಡಿ ಕಲಿಸುತ್ತ ಕೂತ. ಗುಂಪುಗಳ ಬಗ್ಗೆ ಮಾತಾಡಲು ಸೊಲ್ಲಾಪುರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಟ್ಟೆಯೊಳಗಿನ ಕಹಿ ಮಾತ್ರ ವರ್ಷ ವರ್ಷ ಬಲಿಯುತ್ತಿತ್ತು. ಗುರುಗಳಿಗೆ ಒಂದಲ್ಲ ಒಂದು ದಿನ ತಿಳಿಯುತ್ತದೆ, ಆಗ ನಾನು ಏನು ಕೊಟ್ಟೆ ಎಂಬುದೂ ತಿಳಿಯುತ್ತದೆ ಎಂಬ ಒಂದೇ ಆಸೆಯನ್ನು ಅವನು ಕಡಿದುಕೊಂಡಿರಲಿಲ್ಲ.

ಮೂವತ್ತೇಳರ ಬೇಸಿಗೆಯಲ್ಲಿ ಒಂದು ಇಳಿಹೊತ್ತು ಬಸಯ್ಯನವರು ಅವನ ಮನೆಯ ಬಾಗಿಲಲ್ಲಿ ನಿಂತಿದ್ದರು. ಮುಖ ಬಾಡಿತ್ತು. ಕೈಯಲ್ಲಿ ಬೆಂಡಿನ ಘನ, ಅದರಲ್ಲಿ ಎರಡೇ ಕಡ್ಡಿ.

"ಅರಿಶಿನದ್ದು ಮುರೀತಪಾ" ಎಂದರು ಕೂರದೆಯೇ. "ಹಿಡಿಯಾಕ ಕಡ್ಡಿ ಇಲ್ಲಂತ, ಗ್ವಾಡಿ ನೋಡಿಕೊಂಡು ತಿರುಗಿಸಿದೆ. ಬ್ಯಾರೇನ ಬಂತು. ಮತ್ತ ತಿರುಗಿಸಿದೆ. ಪ್ರೊಫೆಸರ್ರ ಪೆನ್ಸಿಲಿನಂಗ ನೆಟ್ಟಗ ನಿಂತ್ತು." ಅವರು ಘನವನ್ನು ಮುಂದೆ ಚಾಚಿದರು. "ನೀ ಮೊದಲ ಬರದಿದ್ದ ಖರೇ ಇತ್ತು. ನಾ ತಪ್ಪಿದೆ. ಅಂದು ನಿನಗ ಗೊತ್ತಿತ್ತೇನು?"

ಇದೇ ಮಾತಿಗೆ ಮೂರು ವರ್ಷ ಕಾದಿದ್ದ ಅಮೋಗಸಿದ್ಧ. "ಗೊತ್ತಿತ್ರಿ" ಎಂದ.

"ಗೊತ್ತಿತ್ತು?" ಬಸಯ್ಯನವರ ಕಣ್ಣು ಕೆಂಪಾಯಿತು. "ಗೊತ್ತಿದ್ದೂ ಅಳಿಸಿದ್ಯಾ? ಗಣಿತದಾಗ ಹಿರಿಯ ಇಲ್ಲ ಕಿರಿಯ ಇಲ್ಲ, ಖರೇದು ಖರೇನ ಅಂತ ನಾ ನಿನಗ ಕಲಿಸಿರಲಿಲ್ಲೇನು? ಒಂದು ಮಾತು ಅಂದಿದ್ರ ನಾನ ಎದ್ದು ಹೌದಪಾ ಅಂತಿದ್ದೆ! ನನ್ನ ಕೈಲೆ ನಿನ್ನ ಕುತ್ತಿಗಿ ಕೊಯ್ಯಿಸಿದಲ್ಲೋ."

ಅಮೋಗಸಿದ್ಧನಿಗೆ ಸಿಟ್ಟು ನೆತ್ತಿಗೇರಿತು. ಬದುಕಿನಲ್ಲಿ ಮೊದಲ ಸಲ ಅವನು ಗುರುವಿನ ಎದುರು ದನಿ ಎತ್ತಿದ.

"ಪುಸ್ತಕದಾಗ ಹಂಗ ಕಲಸಿದ್ರಿ, ಖರೇ. ಪಡಸಾಲ್ಯಾಗ ಏನ ಕಲಸಿದ್ರಿ? ಏಳು ವರ್ಷ ನನ್ನ ತಾಟ ನಾನ ತೊಳದೀನ್ರಿ ನಿಮ್ಮ ಮನ್ಯಾಗ. ನಿಮಗ ಎದುರು ಮಾತಾಡೂದು ಯಾವಾಗ ಕಲೀಲಿ? ಪ್ರೊಫೆಸರ್ರು ತಪ್ಪಂತ ನಿಮಗೂ ಅನಿಸಿತ್ತಲ್ರಿ, ಆಗ ನೀವರ ಬಾಯಿ ಬಿಟ್ರೇನು?"

ಬಸಯ್ಯನವರು ನೆಲಕ್ಕೆ ಕುಸಿದು ಕೂತರು. ಆಮೇಲೆ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ನೆಲದ ಕಲ್ಲುಚಪ್ಪಡಿಯ ಮೇಲೆ ಇಟ್ಟರು. "ಮುಂದಿಂದು ಬಿಡಸು" ಎಂದರು. "ಅವ್ರು ಕೇಳಲಿಲ್ಲ. ನಾ ಕೇಳಾಕತ್ತೀನಿ. ತಿರುಳು?"

ಬಿಡಿಸಬಾರದು ಎನಿಸಿತು, ಆದರೂ ಕೈ ಸೀಮೆಸುಣ್ಣ ಹಿಡಿದೇಬಿಟ್ಟಿತು. "ಮೂರೂ ಗೆರಿ ತಂತಮ್ಮ ಜಾಗಾದಾಗ ಇರಬೇಕು. ತಿರುಗಿಸದ ಇದ್ದದ್ದು ಒಂದು. ಒಂದೊಂದು ಗೆರಿ ಹಿಡಿದು ಅರ್ಧ ತಿರುವು, ಅವು ಮೂರು. ಒಟ್ಟು ನಾಕು. ಬ್ಯಾರೆ ಯಾವೂ ಇಲ್ರಿ."

"ಯಾಕ ಇಲ್ಲ?"

"ಗೆರಿ ಜಾಗಾ ಬಿಡೂದಿಲ್ಲಂದ್ರ ತುದಿ ಅದಲು ಬದಲು ಆಗಬಹುದು, ಅಷ್ಟ. ಒಂದ ಗೆರಿ ತುದಿ, ಇಲ್ಲಾ ಮೂರರ ತುದೀನೂ ಅದಲು ಬದಲಾದ್ರ ಅದು ಕನ್ನಡಿಯೊಳಗಿನ ಘನ ಆಗ್ತದ, ತಿರುವು ಆಗೂದಿಲ್ಲ. ಆದ್ದರಿಂದ ಯಾವದೂ ಇಲ್ಲ, ಇಲ್ಲಾ ಎರಡು. ಎರಡು ಆರಿಸೂದು ಮೂರು ಥರ."

"ಬಿಂಬ?"

"ಒಂದು ಗೆರಿ ಹಿಡಿದು ಕಾಲು ತಿರುವಿದ್ರ ಉಳಿದೆರಡು ಜಾಗಾ ಬದಲಿಸ್ತಾವು. ಅಂಥಾ ಬದಲಿ ಕೂಡಿಸಿದ್ರ ಮೂರು ಗೆರಿಗೆ ಆಗೂ ಆರೂ ಬದಲಿ ಬರ್ತಾವು. ಬಿಂಬ ಪೂರಾ." ಅವನ ದನಿ ತಾನಾಗಿ ಏರುತ್ತಿತ್ತು. "ಇಪ್ಪತ್ನಾಕು ತಿರುವು ನಾಕು ನಾಕರ ಆರು ಕಟ್ಟು. ಒಂದ ಕಟ್ಟಿನ ಎರಡು ತಿರುವಿನ ನಡುವ ತಿರುಳಿನ ಒಂದು ತಿರುವಿಂದಷ್ಟ ಫರಕು. ತಿರುಳು ಗೆರಿ ಅಲುಗಸೂದಿಲ್ಲ. ಹಂಗಂದ್ರ ಕಟ್ಟಿನ್ಯಾಗಿಂದ ಯಾವದು ಎತ್ತಿಕೊಂಡ್ರೂ ಜಾಗಾ ಬದಲಿ ಒಂದ. ಜಾಗಾ ಬದಲಿ ಒಂದ ಇದ್ರ, ಒಂದು ತಿರುಗಿಸಿ ಇನ್ನೊಂದು ಬಿಚ್ಚಿದಾಗ ಗೆರಿ ಅಲ್ಲಲ್ಲೇ. ಅಂದ್ರ ಅದು ತಿರುಳು, ಎರಡೂ ಒಂದ ಕಟ್ಟು. ಆರು ಕಟ್ಟಿಗೆ ಆರು ಬದಲಿ. ಕಟ್ಟು ಕಟ್ಟು ಗುಣಿಸಿದ್ರ ಬದಲಿ ಬದಲಿ ಗುಣಿಸಿದಂಗ. ಮುಗೀತ್ರಿ."

ಬಸಯ್ಯನವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಒಂದು ಕೂದಲೆಳಿ ತಪ್ಪಿಲ್ಲ" ಎಂದರು. "ನಿನ್ನಂಥಾ ಶಿಷ್ಯಾ ಈ ಸೀಮ್ಯಾಗ ಹುಟ್ಟಿಲ್ಲ. ನೀ ನನ್ನ ಮಗಾ. ಹೊಟ್ಯಾಗ ಹುಟ್ಟಿದ ಮಗಾನೂ ಇಷ್ಟು ಮಾಡೂದಿಲ್ಲ."

ಅಮೋಗಸಿದ್ಧನಿಗೂ ದುಃಖ ಉಕ್ಕಿ ಬಂತು. ಮೂರು ವರ್ಷದ ಕಹಿಯೆಲ್ಲ ಅಲ್ಲೇ ಕರಗಿಹೋಗುವ ಹಾಗಿತ್ತು. ಕೇಂಬ್ರಿಜ್ಜು ಹೋದರೆ ಹೋಗಲಿ, ಇದೊಂದು ಮಾತು ಸಾಕು ಎಂದು ಒಂದು ಕ್ಷಣ ನಿಜಕ್ಕೂ ಅನ್ನಿಸಿತು.

ಗುರುಗಳು ಬಿಸಿಲಲ್ಲಿ ಬಂದಿದ್ದಾರೆ ಎಂದು ಅವನ ಹೆಂಡತಿ ಬೀರವ್ವ ಹಿತ್ತಾಳೆಯ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಹೊಸ ಗಡಿಗೆಯ ತಣ್ಣೀರು ತುಂಬಿ ತಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಅವರ ಮುಂದೆ ಇಟ್ಟಳು. "ತಗೋರಿ ಅಯ್ಯಾರ" ಎಂದಳು.

ಬಸಯ್ಯನವರು ತಂಬಿಗೆಯನ್ನು ನೋಡಿದರು. ಅವರ ತುಟಿ ಒಣಗಿ ಬಿಳಚಿತ್ತು. ಕೈ ಸ್ವಲ್ಪ ಮುಂದೆ ಬಂತು, ಎದೆಯ ಮೇಲಿನ ಲಿಂಗದ ಕರಡಿಗೆಗೆ ತಾಗಿ ಅಲ್ಲೇ ನಿಂತಿತು. ಲಿಂಗ ಕಟ್ಟದವರ ಮನೆಯ ನೀರನ್ನು ಅವರು ಹುಟ್ಟಿದಾಗಿನಿಂದ ಕುಡಿದವರಲ್ಲ.

"ಬ್ಯಾಡವಾ" ಎಂದರು ಅಳುತ್ತಲೇ. "ಈಗ ಕುಡದ ಬಂದೀನಿ."

ಅವರು ಹೋದ ಮೇಲೆ ಅಮೋಗಸಿದ್ಧ ಆ ತಂಬಿಗೆಯನ್ನು ಎತ್ತಿ, ನೀರನ್ನು ಸೀಮೆಸುಣ್ಣದ ಅಕ್ಷರಗಳ ಮೇಲೆ ಸುರುವಿದ. ಆಮೇಲೆ ತಂಬಿಗೆಯನ್ನು ತಾನೇ ತೊಳೆದು ಮೂಲೆಯಲ್ಲಿ ಬೋರಲು ಹಾಕಿದ.